ಒಂದೇ ಬಿಲ್ಲು, ಎರಡು ಪಾಲಿಸಿ: ಬೇಕೇ, ಬೇಡವೇ?

ಮುಳಬಾಗಿಲು ತಾಲ್ಲೂಕಿನ ತಾಯಲೂರು ಹೋಬಳಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅಪ್ಪ ಟೊಮೆಟೊ ಬೆಳೆಯುತ್ತಾರೆ, ಅಮ್ಮ ಡೇರಿಗೆ ಹಾಲು ಹಾಕುತ್ತಾರೆ, ಮಗ ನರಸಾಪುರದ ಕಾರ್ಖಾನೆಯಲ್ಲಿದ್ದಾನೆ. ಕಂಪನಿ ಕೊಟ್ಟ ಗುಂಪು ವಿಮೆಯಲ್ಲಿ ಅಪ್ಪ ಅಮ್ಮನ ಹೆಸರೂ ಇದೆ, ಮೊತ್ತ 3 ಲಕ್ಷ. ಅದು ಸಾಲದೆಂದು ಮಗ ಮನೆಯವರಿಗೆಲ್ಲ ಸೇರಿಸಿ 5 ಲಕ್ಷದ ಇನ್ನೊಂದು ಪಾಲಿಸಿ ಮಾಡಿಸಿದ್ದಾನೆ. ಅಪ್ಪನಿಗೆ ಎದೆನೋವು ಬಂದು ಟಮಕದ ಜಾಲಪ್ಪ ಆಸ್ಪತ್ರೆಗೋ, ಕುಪ್ಪಂಗೋ, ಬೆಂಗಳೂರಿಗೋ ಓಡಿದ ದಿನ ಈ ಎರಡು ಕಾಗದಗಳು ಒಂದೇ ಬಿಲ್ಲಿನ ಮುಂದೆ ಬಂದು ನಿಲ್ಲುತ್ತವೆ. ಆಗ ಯಾರು ಎಷ್ಟು ಕೊಡಬೇಕು? ಅದಕ್ಕೂ ಮೊದಲು, ಎರಡು ಪಾಲಿಸಿಗೆ ಪ್ರೀಮಿಯಂ ಕಟ್ಟುತ್ತ ಬಂದದ್ದು ಸರಿಯೇ?

ಪರ

ಎರಡು ಪಾಲಿಸಿ ದಂಡ ಎನ್ನುವವರ ಮನಸ್ಸಿನಲ್ಲಿ ಇಂದಿಗೂ ಹಳೆಯ ನಿಯಮವೇ ಕೂತಿದೆ. ಹಿಂದೆ ಪಾಲಿಸಿಗಳಲ್ಲಿ ಪಾಲು ಹಂಚಿಕೆಯ ಷರತ್ತು ಇರುತ್ತಿತ್ತು. 3 ಲಕ್ಷದ್ದೊಂದು, 5 ಲಕ್ಷದ್ದೊಂದು ಪಾಲಿಸಿ ಇದ್ದು ಬಿಲ್ಲು 1,60,000 ರೂಪಾಯಿ ಬಂದರೆ, ಮೊದಲ ಕಂಪನಿ ಮೂರು ಪಾಲಿನ ಲೆಕ್ಕದಲ್ಲಿ 60,000, ಎರಡನೆಯದು ಐದು ಪಾಲಿನ ಲೆಕ್ಕದಲ್ಲಿ 1,00,000 ಕೊಡಬೇಕಿತ್ತು. ಒಂದೇ ಪಾಲಿಸಿಯಲ್ಲಿ ಪೂರ್ತಿ ಮುಗಿಯಬಹುದಾದ ಬಿಲ್ಲಿಗೂ ಎರಡು ಕಡೆ ಅರ್ಜಿ, ಎರಡು ಕಡೆ ಅಲೆದಾಟ. ವಿಮಾ ನಿಯಂತ್ರಣ ಪ್ರಾಧಿಕಾರದ 2013ರ ನಿಯಮಗಳು ಈ ಗಂಟನ್ನು ಸಡಿಲಿಸಿದವು, 2016ರ ನಿಯಮಗಳು ಇನ್ನಷ್ಟು ಬಿಚ್ಚಿದವು. ಈಗ ಯಾವ ಪಾಲಿಸಿಯಲ್ಲಿ ಮೊದಲು ಕ್ಲೇಮ್ ಮಾಡಬೇಕೆಂಬ ಆಯ್ಕೆ ಪಾಲಿಸಿದಾರನದು. ಆರಿಸಿಕೊಂಡ ಕಂಪನಿ ತನ್ನ ಮೊತ್ತ ಮತ್ತು ಷರತ್ತಿನ ಮಿತಿಯೊಳಗೆ ಪೂರ್ತಿ ಕೊಡಲೇಬೇಕು. ‘ನಿಮಗೆ ಇನ್ನೊಂದು ಪಾಲಿಸಿ ಇದೆಯಲ್ಲ, ಅಲ್ಲಿ ಅರ್ಧ ತೆಗೆದುಕೊಳ್ಳಿ’ ಎಂದು ತಳ್ಳಿಹಾಕುವಂತಿಲ್ಲ.

ನಮ್ಮ ತಾಯಲೂರಿನ ಮನೆಗೆ ಮರಳೋಣ. ಅಪ್ಪನ ಬೈಪಾಸ್ ಶಸ್ತ್ರಚಿಕಿತ್ಸೆಗೆ 4,80,000 ರೂಪಾಯಿ ಬಿಲ್ಲಾಯಿತೆನ್ನಿ. ಅದರಲ್ಲಿ 30,000 ಕೈಗವಸು, ನೋಂದಣಿ ಶುಲ್ಕ, ಜೊತೆಗಿದ್ದವರ ಊಟ ಇಂಥವು. ಎರಡೂ ಪಾಲಿಸಿಗಳು ಇವನ್ನು ಕೊಡುವುದಿಲ್ಲ. ಉಳಿದ 4,50,000ದಲ್ಲಿ ಕಂಪನಿಯ ಗುಂಪು ವಿಮೆ ತನ್ನ 3 ಲಕ್ಷವನ್ನು ನಗದುರಹಿತವಾಗಿ ಆಸ್ಪತ್ರೆಗೇ ಕಟ್ಟುತ್ತದೆ. 1,80,000 ರೂಪಾಯಿಯನ್ನು ಮನೆಯವರು ಕಟ್ಟಿ ಬಿಡುಗಡೆ ಮಾಡಿಸಿಕೊಂಡು, ಅದರಲ್ಲಿ 1,50,000ವನ್ನು ಎರಡನೆಯ ಪಾಲಿಸಿಯಿಂದ ವಾಪಸು ಪಡೆಯುತ್ತಾರೆ. ಕೊನೆಗೆ ಕೈಯಿಂದ ಹೋದದ್ದು 30,000. ಎರಡನೆಯ ಪಾಲಿಸಿ ಇರದಿದ್ದರೆ ಹೋಗುತ್ತಿದ್ದದ್ದು 1,80,000. ಅಷ್ಟು ಹಣಕ್ಕೆ ಒಡವೆ ಅಡವಿಡಬೇಕಾದ ಮನೆಗಳಿಗೆ ಈ ವ್ಯತ್ಯಾಸವೇ ಎಲ್ಲ.

ಹೆಚ್ಚಿನವರಿಗೆ ತಿಳಿಯದ ಇನ್ನೊಂದು ಹಕ್ಕೂ ಇದೆ. ಮೊದಲ ಪಾಲಿಸಿಯ ಮೊತ್ತ ಮುಗಿಯದಿದ್ದರೂ, ಅಲ್ಲಿ ಕಡಿತವಾದ ಹಣವನ್ನು ಎರಡನೆಯದರಲ್ಲಿ ಕೇಳಬಹುದು. ಕಡಿತಕ್ಕೆ ದೊಡ್ಡ ಕಾರಣ ಕೋಣೆಯ ಬಾಡಿಗೆ. 3 ಲಕ್ಷದ ಪಾಲಿಸಿಯಲ್ಲಿ ದಿನದ ಬಾಡಿಗೆಗೆ ಶೇಕಡ 1ರ ಮಿತಿ ಇದ್ದರೆ ಸಿಗುವುದು 3,000. ರೋಗಿ 6,000ದ ಕೋಣೆ ಹಿಡಿದರೆ ಕತ್ತರಿಸುವುದು ಬಾಡಿಗೆಯನ್ನು ಮಾತ್ರವಲ್ಲ. ಸರ್ಜನ್ ಶುಲ್ಕ, ಆಪರೇಷನ್ ಥಿಯೇಟರ್, ಶುಶ್ರೂಷೆ ಹೀಗೆ ಕೋಣೆಯ ದರ್ಜೆಯೊಂದಿಗೆ ಏರುವ ಖರ್ಚೆಲ್ಲ ಅರ್ಧಕ್ಕೆ ಇಳಿಯುತ್ತದೆ. ಔಷಧ, ಒಳಗೆ ಅಳವಡಿಸುವ ಸಾಧನ, ಪರೀಕ್ಷೆಗಳಿಗೆ ಈ ಕತ್ತರಿ ಇಲ್ಲ. ಎರಡು ಲಕ್ಷದ ಬಿಲ್ಲಿನಲ್ಲಿ 1,20,000 ಇಂಥ ಖರ್ಚಾಗಿದ್ದರೆ 60,000 ಅಲ್ಲೇ ಕಡಿತ. ಎರಡನೆಯ ಪಾಲಿಸಿಯಲ್ಲಿ ಕೋಣೆಯ ಮಿತಿ ಇಲ್ಲದಿದ್ದರೆ ಆ 60,000 ಅಲ್ಲಿ ಸಿಗುತ್ತದೆ. ಮಿತಿ ಇದ್ದರೆ ಆ ಕಂಪನಿ ತನ್ನ ಲೆಕ್ಕದಂತೆ ಮತ್ತೆ ಕತ್ತರಿಸುತ್ತದೆ. ಆದ್ದರಿಂದ ಎರಡನೆಯದನ್ನು ಕೊಳ್ಳುವಾಗ ಮೊತ್ತಕ್ಕಿಂತ ಮೊದಲು ಈ ಸಾಲನ್ನೇ ಓದಬೇಕು.

ಕೊನೆಯ ಕಾರಣ ಕೆಲಸದ್ದು. ಗುಂಪು ವಿಮೆ ಕಂಪನಿಯ ಕೆಲಸದ ನೆರಳು; ಕೆಲಸ ಹೋದ ದಿನ ಅದೂ ಹೋಗುತ್ತದೆ. ಏಜೆನ್ಸಿಯ ಮೂಲಕ ಒಪ್ಪಂದದ ಮೇಲೆ ದುಡಿಯುವ ಹುಡುಗನಿಗೆ ಆ ದಿನ ಯಾವುದೆಂದು ಗೊತ್ತಿರುವುದಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಅರವತ್ತಾಗಿ ಸಕ್ಕರೆ ಕಾಯಿಲೆ ಸೇರಿದ್ದರೆ ಹೊಸ ಪಾಲಿಸಿ ದುಬಾರಿ, ಕೆಲವು ಸಲ ಸಿಗುವುದೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇಕಡ 18ರ ಜಿಎಸ್‌ಟಿ ತೆಗೆದುಹಾಕಿರುವುದರಿಂದ, ದುಬಾರಿ ಎಂಬ ಆಕ್ಷೇಪವೂ ಸ್ವಲ್ಪ ತೂಕ ಕಳೆದುಕೊಂಡಿದೆ.

ವಿರೋಧ

ಎರಡರ ಪರ ಮಾತನಾಡುವ ಏಜೆಂಟರು ಹೇಳುವ ಒಂದು ಮಾತು ಅರ್ಧ ಮಾತ್ರ ನಿಜ: ‘ಎರಡೂ ಕಡೆ ದುಡ್ಡು ಬರುತ್ತೆ ಅಣ್ಣಾ, ಕಟ್ಟಿದ್ದು ಎಲ್ಲೂ ಹೋಗಲ್ಲ.’ ಆಸ್ಪತ್ರೆಯಲ್ಲಿದ್ದ ದಿನಕ್ಕೆ 1,000 ರೂಪಾಯಿ ಎಂದು ಕೊಡುವ ಪಾಲಿಸಿ, ಗಂಭೀರ ಕಾಯಿಲೆ ಪತ್ತೆಯಾದರೆ ಇಡಿಗಂಟು ಕೊಡುವ ಪಾಲಿಸಿ, ಇವುಗಳ ಮಟ್ಟಿಗೆ ಅದು ಸರಿ. ಇಲ್ಲಿ ಬಿಲ್ಲಿನ ಲೆಕ್ಕವೇ ಇಲ್ಲ, ಪ್ರತಿ ಕಂಪನಿಯೂ ಬೇರೆಯದನ್ನು ನೋಡದೆ ತನ್ನ ಪಾಲು ಕೊಡುತ್ತದೆ. ಆದರೆ ಖರ್ಚು ಭರಿಸುವ ಸಾಮಾನ್ಯ ಪಾಲಿಸಿಗಳು ಎಷ್ಟೇ ಇದ್ದರೂ ಎಲ್ಲ ಸೇರಿ ಕೊಡುವುದು ಆದ ಖರ್ಚನ್ನೇ, ಅದರ ಮೇಲೆ ಒಂದು ರೂಪಾಯಿಯನ್ನೂ ಅಲ್ಲ. ಎರಡು ಲಕ್ಷದ ಬಿಲ್ಲಿಗೆ ನಾಲ್ಕು ಲಕ್ಷ ಬರುವುದಿಲ್ಲ. ಮೊದಲ ಕಂಪನಿ ಕೊಟ್ಟದ್ದನ್ನು ಮುಚ್ಚಿಟ್ಟು ಅದೇ ಬಿಲ್ಲನ್ನು ಇನ್ನೊಂದು ಕಡೆ ಕೊಟ್ಟರೆ ಅದು ವಂಚನೆ. ಕ್ಲೇಮ್ ಜೊತೆಗೆ ಪಾಲಿಸಿಯೂ ಹೋಗಬಹುದು.

ಪ್ರಶ್ನೆಯನ್ನೇ ಬೇರೆಯಾಗಿ ತಿಳಿದುಕೊಂಡವರೂ ಇದ್ದಾರೆ. ಹಾಲಿನ ಸಂಘದ ಸದಸ್ಯರು ‘ನಮ್ಮತ್ರ ಯಶಸ್ವಿನಿ ಕಾರ್ಡಿದೆ, ಇನ್ನೊಂದು ಪಾಲಿಸಿ ಮಾಡಿಸಿದರೆ ಎರಡಾಯ್ತಲ್ಲ’ ಎನ್ನುತ್ತಾರೆ. ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಯಶಸ್ವಿನಿಯಲ್ಲಾಗಲಿ, ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಾಗಲಿ ಚಿಕಿತ್ಸೆಗೆ ನಿಗದಿಯಾದ ದರವನ್ನು ಯೋಜನೆಯೇ ಆಸ್ಪತ್ರೆಗೆ ಕಟ್ಟುತ್ತದೆ. ರೋಗಿ ಹಣ ಕಟ್ಟಿಲ್ಲದ ಚಿಕಿತ್ಸೆಗೆ ಖಾಸಗಿ ಕಂಪನಿಯ ಮುಂದೆ ಇಡಲು ಬಿಲ್ಲೇ ಇರುವುದಿಲ್ಲ.

ಎರಡನೆಯ ಪಾಲಿಸಿ ಕೈಕೊಡುವ ನಿಜವಾದ ಜಾಗ ಕಾಯುವ ಅವಧಿ. ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಹಣ ಕೊಡದಿರಲು ಕಂಪನಿಗೆ ಅವಕಾಶವಿದೆ. ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಈ ಅವಧಿ ಇರುವುದಿಲ್ಲ, ಮೊದಲ ದಿನದಿಂದಲೇ ಸಿಗುತ್ತದೆ. ಹಾಗಾಗಿ ನಮ್ಮ ಉದಾಹರಣೆಯ ಅಪ್ಪನಿಗೆ ಹೃದಯದ ತೊಂದರೆ ಮೊದಲೇ ಇದ್ದು, ಎರಡನೆಯ ಪಾಲಿಸಿಗೆ ಇನ್ನೂ ಒಂದೇ ವರ್ಷವಾಗಿದ್ದರೆ, 3 ಲಕ್ಷ ಬರುತ್ತದೆ, 1,50,000 ಬರುವುದಿಲ್ಲ. ಒಂದೇ ಆಪರೇಷನ್, ಒಂದೇ ಬಿಲ್ಲು; ಒಂದು ಕಂಪನಿ ಹೌದು ಎಂದದ್ದಕ್ಕೆ ಇನ್ನೊಂದು ಹೌದು ಎನ್ನಬೇಕಿಲ್ಲ. ಎರಡನೆಯದಕ್ಕೆ ಅರ್ಜಿ ಹಾಕುವಾಗ ಈಗಿರುವ ಪಾಲಿಸಿ ಯಾವುದು, ಕಾಯಿಲೆ ಏನು ಎಂದು ಕೇಳುತ್ತಾರೆ. ಪ್ರೀಮಿಯಂ ಏರದಿರಲೆಂದು ಅಲ್ಲಿ ‘ಇಲ್ಲ’ ಎಂದು ಬರೆಸಿದ್ದರೆ, ಮೊದಲ ಕಂಪನಿಗೆ ಕೊಟ್ಟ ಹಳೆಯ ದಾಖಲೆಗಳೇ ಎರಡನೆಯ ಕಂಪನಿಯಲ್ಲಿ ಸಾಕ್ಷಿಯಾಗುತ್ತವೆ.

ಕಾಗದದ ದಾರಿಯೂ ಸುಲಭದ್ದಲ್ಲ. ಮೂಲ ಬಿಲ್ಲುಗಳು ಮೊದಲ ಕಂಪನಿಯ ಬಳಿ ಉಳಿದುಬಿಡುತ್ತವೆ. ಎರಡನೆಯದಕ್ಕೆ ಬೇಕಾದದ್ದು ಆಸ್ಪತ್ರೆಯ ಮುದ್ರೆ ಬಿದ್ದ ದೃಢೀಕೃತ ಪ್ರತಿಗಳು ಮತ್ತು ಮೊದಲ ಕಂಪನಿಯ ಇತ್ಯರ್ಥ ಪತ್ರ. ಯಾವ ಸಾಲಿನಲ್ಲಿ ಎಷ್ಟು ಕೊಟ್ಟರು, ಎಷ್ಟನ್ನು ಯಾಕೆ ಕಡಿದರು ಎಂದು ಅದರಲ್ಲಿ ಇರಬೇಕು. ಬಿಡುಗಡೆಯ ದಿನವೇ ಪ್ರತಿಗಳಿಗೆ ಮುದ್ರೆ ಹಾಕಿಸಿಕೊಳ್ಳದಿದ್ದರೆ ತಾಯಲೂರಿನಿಂದ ಬೆಂಗಳೂರಿಗೆ ಇನ್ನೊಂದು ಓಡಾಟ. ಸೇರಿಸಿದ ದಿನವೇ ಎರಡೂ ಕಂಪನಿಗಳಿಗೆ ತಿಳಿಸಿರಬೇಕು. ಮೊದಲನೆಯದು ಇತ್ಯರ್ಥವಾಗುವಷ್ಟರಲ್ಲಿ ಎರಡನೆಯದರ ಗಡುವು ದಾಟಿಹೋಗುವುದುಂಟು. ಸಕಾರಣ ವಿಳಂಬವನ್ನೇ ನೆಪ ಮಾಡಿ ಕ್ಲೇಮ್ ತಿರಸ್ಕರಿಸಬಾರದೆಂದು ಪ್ರಾಧಿಕಾರ 2011ರಲ್ಲೇ ಹೇಳಿದೆ. ಆದರೆ ಆ ಕಾರಣವನ್ನು ತೋರಿಸಬೇಕಾದವರು ಪಾಲಿಸಿದಾರರೇ.

ಇದಕ್ಕೆ ಪರದವರ ಉತ್ತರ 2024ರ ಮೇ ತಿಂಗಳ ಸುತ್ತೋಲೆ. ಮೊದಲು ಆರಿಸಿದ ಪಾಲಿಸಿಯ ಮೊತ್ತ ಸಾಲದಿದ್ದರೆ, ಆ ಕಂಪನಿಯೇ ಪಾಲಿಸಿದಾರನ ಇತರ ಪಾಲಿಸಿಗಳ ವಿವರ ಕೇಳಿ, ಉಳಿದ ಮೊತ್ತಕ್ಕಾಗಿ ಇತರ ಕಂಪನಿಗಳೊಂದಿಗೆ ಸಮನ್ವಯ ಮಾಡಬೇಕು ಎಂದು ಅದು ಹೇಳುತ್ತದೆ. ಒಳ್ಳೆಯ ನಿಯಮ, ಅದನ್ನು ಬಳಸಲೇಬೇಕು. ಆದರೆ ಆ ನಿಯಮದ ವಿಷಯ ರೋಗಿಯನ್ನು ಐಸಿಯುನಲ್ಲಿ ಬಿಟ್ಟು ಕೌಂಟರಿನ ಮುಂದೆ ನಿಂತ ಮಗನಿಗೆ ಯಾರು ಹೇಳುತ್ತಾರೆ? ನಿಯಮ ಗೊತ್ತಿಲ್ಲದವನು ಅದನ್ನು ಪಾಲಿಸಿ ಎಂದು ಒತ್ತಾಯಿಸಲಾರ.

ಹಾಗಾದರೆ ಒಂದೇ ದೊಡ್ಡ ಪಾಲಿಸಿ ಸಾಕೇ? ಇಲ್ಲಿ ನನ್ನ ತೀರ್ಮಾನ ವಿರೋಧದ ಕಡೆಗೆ ವಾಲುತ್ತದೆ, ಪೂರ್ತಿಯಾಗಿ ಅಲ್ಲ. ಸ್ವಂತ ಹಣದಲ್ಲಿ ಒಂದೇ ಬಗೆಯ ಎರಡು ಸಣ್ಣ ಪಾಲಿಸಿ ಇಟ್ಟುಕೊಳ್ಳುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಎರಡು ಪ್ರೀಮಿಯಂ, ಎರಡು ಕಾಯುವ ಅವಧಿ, ಒಂದು ದೊಡ್ಡ ಬಿಲ್ಲು ಬಂದರೆ ಎರಡರ ಬೋನಸ್ಸಿಗೂ ಪೆಟ್ಟು. ಕಂಪನಿಯ 3 ಲಕ್ಷ ಮೊದಲೇ ಇರುವವರಿಗೆ ಬೇಕಾದದ್ದು ಅದರ ಮೇಲಿನ ಭಾಗ ಮಾತ್ರ. ವರ್ಷದ ಖರ್ಚು 3 ಲಕ್ಷ ದಾಟಿದ ಮೇಲೆ ಕೊಡಲು ಶುರುಮಾಡುವ ಸೂಪರ್ ಟಾಪ್-ಅಪ್ ಅದೇ 1,50,000ವನ್ನು ಬಹಳ ಕಡಿಮೆ ಪ್ರೀಮಿಯಂಗೆ ಕೊಡುತ್ತದೆ. ಮೊದಲ 3 ಲಕ್ಷವನ್ನು ಇನ್ನೊಂದು ವಿಮೆ ಕಟ್ಟಿತೋ ಮನೆಯವರು ಕಟ್ಟಿದರೋ ಅದಕ್ಕೆ ಮುಖ್ಯವಲ್ಲ. ಬರೀ ಟಾಪ್-ಅಪ್ ಎಂಬುದು ಬೇರೆ. ಅದು ಪ್ರತಿ ಬಿಲ್ಲನ್ನೂ ಬೇರೆಬೇರೆಯಾಗಿ ಅಳೆಯುವುದರಿಂದ, ಎರಡೆರಡು ಲಕ್ಷದ ಎರಡು ಬಿಲ್ಲು ಬಂದರೆ ಏನನ್ನೂ ಕೊಡದು.

ಇದಕ್ಕೆ ಪರದವರು ಕೇಳುವ ಪ್ರಶ್ನೆ ಗಟ್ಟಿಯಾದದ್ದು. ಕೆಲಸ ಹೋಗಿ ಗುಂಪು ವಿಮೆ ನಿಂತ ತಿಂಗಳೇ ಅಪ್ಪನಿಗೆ ಎದೆನೋವು ಬಂದರೆ ಆ ಮೊದಲ 3 ಲಕ್ಷ ಎಲ್ಲಿಂದ? ಸೂಪರ್ ಟಾಪ್-ಅಪ್ ಬಳಿ ಇದಕ್ಕೆ ಉತ್ತರವಿಲ್ಲ. ಕೆಲಸ ಬಿಡುವಾಗ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಕೇಳಬಹುದು, ಗುಂಪಿನಲ್ಲಿ ಕಳೆದ ವರ್ಷಗಳನ್ನು ಕಾಯುವ ಅವಧಿಯಲ್ಲಿ ಲೆಕ್ಕಕ್ಕೆ ಹಿಡಿಸಿಕೊಳ್ಳಬಹುದು. ಆದರೆ ಅದು ಕಂಪನಿಯ ಪರಿಶೀಲನೆಗೆ ಒಳಪಟ್ಟದ್ದು, ಕೊನೆಯ ಕೆಲಸದ ದಿನ ಕಳೆದ ಮೇಲೆ ಕೇಳಿದರೆ ತಡವಾಗುತ್ತದೆ. ಆದ್ದರಿಂದ ಕಾಯಂ ನೌಕರನ ಮನೆಗೆ ಸೂಪರ್ ಟಾಪ್-ಅಪ್ ಎನ್ನುವಷ್ಟು ಧೈರ್ಯದಿಂದ, ಹನ್ನೊಂದು ತಿಂಗಳ ಒಪ್ಪಂದದ ಹುಡುಗನ ಮನೆಗೂ ಅದನ್ನೇ ಹೇಳಲು ನನಗೆ ಸಾಧ್ಯವಿಲ್ಲ. ಅವನ ಅಪ್ಪನ ವಯಸ್ಸು, ಕಾಯಿಲೆ, ಪ್ರೀಮಿಯಂ ಕಟ್ಟುವ ಶಕ್ತಿ ನೋಡಿಯೇ ಹೇಳಬೇಕು.

ಎರಡರಲ್ಲಿ ಯಾವುದನ್ನು ಆರಿಸಿದ್ದರೂ, ಎರಡನೆಯ ಕಂಪನಿ ‘ಮೊದಲನೆಯದರಲ್ಲೇ ಮುಗಿಸಿಕೊಳ್ಳಿ’ ಎಂದು ಕಡತ ಮುಚ್ಚಿದರೆ ಸುಮ್ಮನಾಗಬೇಕಿಲ್ಲ. ಕಂಪನಿಯ ದೂರು ವಿಭಾಗಕ್ಕೆ ಬರೆದು, 30 ದಿನ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ, ವಕೀಲರಿಲ್ಲದೆ ದೂರು ಕೊಡಬಹುದು. ಅಲ್ಲಿ ಮೊದಲು ಬೇಕಾಗುವ ಕಾಗದ ಮೊದಲ ಕಂಪನಿಯ ಆ ಇತ್ಯರ್ಥ ಪತ್ರವೇ.