ತೊಂಬತ್ತು ಸೆಂಟ್ಸ್ ಗದ್ದೆ, ನಾಲ್ಕು ವಾರಸುದಾರರು

ಶಿರ್ವ, ಬೆಳ್ಮಣ್, ಕಟಪಾಡಿ ಕಡೆಯ ಮನೆಗಳಲ್ಲಿ ಅಪ್ಪನ ಕಾಲಾನಂತರ ಗದ್ದೆಯ ಮಾತು ಬಂದಾಗ ಪರದೇಶದಲ್ಲಿರುವ ಮಕ್ಕಳು ಮೊದಲು ಕೇಳುವ ಪ್ರಶ್ನೆ, ‘ನಮಗೆ ಕೃಷಿ ಭೂಮಿ ಇಟ್ಟುಕೊಳ್ಳಲು ಹಕ್ಕಿದೆಯೇ?’ ಎಂಬುದು. ಹಕ್ಕು ಇದೆ. ಅನಿವಾಸಿ ಭಾರತೀಯರಾಗಲಿ, ಒಸಿಐ ಕಾರ್ಡುದಾರರಾಗಲಿ ಕೃಷಿ ಜಮೀನನ್ನು ಖರೀದಿಸುವಂತಿಲ್ಲ. ಆದರೆ ಊರಿನಲ್ಲೇ ಬದುಕಿ ತೀರಿಹೋದ ತಂದೆ ತಾಯಿಯಿಂದ ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಮಾರಲೂಬಹುದು, ಭಾರತದಲ್ಲಿ ನೆಲೆಸಿರುವವರಿಗೆ ಮಾತ್ರ. ರಿಸರ್ವ್ ಬ್ಯಾಂಕಿನ ನಿಯಮಗಳಿಗೆ ಹೆದರುವವರು ನಿಜವಾಗಿ ಸಿಕ್ಕಿಬೀಳುವುದು ಊರಿನ ಕಾಗದಗಳಲ್ಲಿ, ಅದರಲ್ಲೂ ‘ಸುಲಭವಾಗಲಿ’ ಎಂದು ತಾವೇ ಹಿಡಿದ ಅಡ್ಡದಾರಿಯಲ್ಲಿ.

ಶಿರ್ವದ ಒಂದು ಕ್ರೈಸ್ತ ಕುಟುಂಬವನ್ನು ಊಹಿಸಿಕೊಳ್ಳೋಣ. ಆರ್‌ಟಿಸಿಯಲ್ಲಿ ಅಪ್ಪನ ಹೆಸರಿಗೆ 90 ಸೆಂಟ್ಸ್ ಇದೆ. ವಿಲ್ ಬರೆಯದೆ ಅವರು ತೀರಿಕೊಂಡರು. ತಾಯಿ ಇದ್ದಾರೆ. ಹಿರಿಯ ಮಗ ಕೆನಡಾದ ಪೌರ, ಒಸಿಐ ಪಡೆದವನು, ಕಿರಿಯವನು ದುಬೈಯಲ್ಲಿ, ಭಾರತದ ಪಾಸ್‌ಪೋರ್ಟ್‌ ಮೇಲೆ, ಮಗಳು ಊರಿನಲ್ಲೇ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮೂರರಲ್ಲಿ ಒಂದು ಪಾಲು ವಿಧವೆಗೆ, ಉಳಿದದ್ದು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮನಾಗಿ. ತಾಯಿಗೆ 30 ಸೆಂಟ್ಸ್, ಮಕ್ಕಳಿಗೆ ತಲಾ 20. ಇದೇ ಜಮೀನು ಬಂಟರ ಅಥವಾ ಬ್ಯಾರಿಗಳ ಮನೆಯದ್ದಾಗಿದ್ದರೆ ಲೆಕ್ಕ ಬೇರೆ. ಹಾಗಾಗಿ ಪಕ್ಕದ ಮನೆಯವರು ಹೇಗೆ ಮಾಡಿದರು ಎಂದು ವಿಚಾರಿಸಿ ಪ್ರಯೋಜನವಿಲ್ಲ.

ಮೊದಲ ಹೆಜ್ಜೆ ಪೌತಿ ಖಾತೆ. ಮರಣ ಪತ್ರ, ವಂಶವೃಕ್ಷ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತಾಧಿಕಾರಿ ವಿಚಾರಣೆ ಮಾಡುತ್ತಾರೆ. ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಮ್ಯುಟೇಶನ್ ಆಗಿ ಕಾಲಂ 9ರಲ್ಲಿ ನಾಲ್ವರ ಹೆಸರು ಜಂಟಿಯಾಗಿ ಏರುತ್ತದೆ. ಕೇಳಲು ಸರಳ. ಆದರೆ ಅಪ್ಪನ ಹೆಸರು ಆರ್‌ಟಿಸಿಯಲ್ಲಿ ಒಂದು ರೀತಿ, ಮರಣ ಪತ್ರದಲ್ಲಿ ಇನ್ನೊಂದು ರೀತಿ, ಮಕ್ಕಳ ಪಾಸ್‌ಪೋರ್ಟಿನಲ್ಲಿ ಮೂರನೆಯ ರೀತಿ ಇರುವುದು ನಮ್ಮ ಕಡೆ ಮಾಮೂಲು. ‘ಸೋಜ’, ‘ಡಿಸೋಜ’ ಎರಡೂ ಒಬ್ಬರೇ ಎಂದು ಸಾಬೀತು ಮಾಡಲು ಅಫಿಡವಿಟ್ ಹುಡುಕಬೇಕು. ಆಧಾರ್ ಮತ್ತೊಂದು ತೊಡಕು. ಭಾರತದ ಪಾಸ್‌ಪೋರ್ಟ್‌ ಇರುವ ದುಬೈಯ ಮಗ ರಜೆಗೆ ಬಂದಾಗ ಆಧಾರ್‌ಗೆ ಅರ್ಜಿ ಹಾಕಬಹುದು. ಕೆನಡಾದ ಅಣ್ಣ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು.

ಇದಕ್ಕಿಂತ ಆಳದ ಗಂಟು 1974ರ ಭೂಸುಧಾರಣೆಯದ್ದು. ಕರಾವಳಿಯ ಬಹಳಷ್ಟು ಗದ್ದೆಗಳು ಗೇಣಿಯಿಂದ ಡಿಕ್ಲರೇಶನ್ ಮೂಲಕ ಬಂದವು. ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆಗೆ ಏಳನೇ ನಮೂನೆ ಕೊಟ್ಟವನು ಅಪ್ಪ ಎಂದಿಟ್ಟುಕೊಳ್ಳಿ. ಭೂ ನ್ಯಾಯಮಂಡಳಿ ಅಪ್ಪನೊಬ್ಬನ ಹೆಸರಿಗೆ ಅಧಿಭೋಗದ ಹಕ್ಕು ಕೊಟ್ಟಿತು. ಆರ್‌ಟಿಸಿ ನೋಡಿದರೆ ಅಪ್ಪನೊಬ್ಬನೇ ಮಾಲಿಕ. ಆದರೆ ಗೇಣಿ ಅಜ್ಜನದ್ದೇ ಆಗಿದ್ದರೆ ಚಿಕ್ಕಪ್ಪ, ಅತ್ತೆಯರ ಮಕ್ಕಳು ಸಿವಿಲ್ ಕೋರ್ಟಿನಲ್ಲಿ ಪಾಲು ಕೇಳಬಲ್ಲರು. ಪೌತಿ ಖಾತೆ ಕಂದಾಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ. ಮ್ಯುಟೇಶನ್‌ನಿಂದ ಒಡೆತನ ಹುಟ್ಟುವುದಿಲ್ಲ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಆದುದರಿಂದ ನ್ಯಾಯಮಂಡಳಿಯ ಆದೇಶದ ದೃಢೀಕೃತ ಪ್ರತಿಯನ್ನು ಮೊದಲೇ ತೆಗೆಸಿ, ಗೇಣಿ ಯಾರಿಂದ ಯಾರಿಗೆ ಬಂತು ಎಂದು ಓದಬೇಕು. ಶಿರ್ವ ಈಗ ಕಾಪು ತಾಲೂಕಿನಲ್ಲಿದ್ದರೂ ಆ ಕಾಲದಲ್ಲಿ ಉಡುಪಿ ತಾಲೂಕಿಗೆ ಸೇರಿತ್ತು; ಕಡತ ಹುಡುಕುವಾಗ ಇದು ನೆನಪಿರಲಿ.

ಕುಮ್ಕಿಯನ್ನೂ ಮರೆಯಬಾರದು. ಮನೆಯವರು ‘ಒಂದೂವರೆ ಎಕರೆ’ ಎನ್ನುತ್ತಾರೆ, ಆರ್‌ಟಿಸಿಯಲ್ಲಿ 90 ಸೆಂಟ್ಸ್ ಇರುತ್ತದೆ. ಉಳಿದದ್ದು ಗೇರು ಮರ, ಸೊಪ್ಪಿನ ಹಾಡಿ ಇರುವ ಕುಮ್ಕಿ. ವರ್ಗ ಜಮೀನಿಗೆ ಹೊಂದಿಕೊಂಡ ಆ ಸರ್ಕಾರಿ ಭೂಮಿಯ ಮೇಲೆ ನಮಗಿರುವುದು ಸವಲತ್ತು ಮಾತ್ರ. ಅದನ್ನು ಅಳೆದು ಬೆಲೆ ಕಟ್ಟಿ ಮಾರಲಾಗದು.

ಈ ಹಂತದಲ್ಲಿ ಯಾರೋ ಒಬ್ಬರು ಸಲಹೆ ಕೊಡುತ್ತಾರೆ: ‘ಅಣ್ಣ ತಮ್ಮಂದಿರು ತಂಗಿಗೆ ಹಕ್ಕು ಬಿಟ್ಟುಕೊಡಿ. ಅವಳೊಬ್ಬಳ ಹೆಸರಿಗೆ ಖಾತೆಯಾಗಲಿ, ಅವಳೇ ಮಾರಿ ದುಡ್ಡು ಕಳುಹಿಸಲಿ.’ ಓಡಾಟ ಕಡಿಮೆ ಎಂಬುದು ನಿಜ. ಆದರೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಬಿದ್ದ ಗಳಿಗೆಯಿಂದ ಆ 40 ಸೆಂಟ್ಸ್ ತಂಗಿಯದ್ದು. ಮಾರಿದ ಹಣವೂ ಅವಳದ್ದೇ. ಕೆನಡಾಕ್ಕೆ ಕಳುಹಿಸಲು ಬ್ಯಾಂಕಿಗೆ ಹೋದರೆ ಅದು ಅಣ್ಣನ ಪಿತ್ರಾರ್ಜಿತದ ಹಣ ಎಂದು ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಇರುವುದು ತಂಗಿ ಅಣ್ಣನಿಗೆ ಕೊಡುವ ಉಡುಗೊರೆ ಮಾತ್ರ. ಅವಳು ಅಥವಾ ಅವಳ ಗಂಡ ಮನಸ್ಸು ಬದಲಿಸಿದರೆ ಕೇಳುವ ದಾರಿಯೂ ಇಲ್ಲ. ನಿಜವಾಗಿಯೂ ಅವಳಿಗೇ ಕೊಡುವ ಮನಸ್ಸಿದ್ದರೆ ಹಕ್ಕು ಬಿಡಿ, ಮಾರಾಟದ ಅನುಕೂಲಕ್ಕೆ ಬೇಡ. ಹಾಗೆಂದು ಕೆನಡಾದ ಅಣ್ಣ ತನ್ನ 20 ಸೆಂಟ್ಸನ್ನು ದುಬೈಯ ತಮ್ಮನ ಹೆಸರಿಗೆ ಮಾಡುವಂತೆಯೂ ಇಲ್ಲ. ಪಡೆಯುವವರು ಭಾರತದಲ್ಲಿ ನೆಲೆಸಿರಬೇಕು.

ಸರಿಯಾದ ದಾರಿ ಪವರ್ ಆಫ್ ಅಟಾರ್ನಿ. ‘ನನ್ನ ಎಲ್ಲ ಆಸ್ತಿ ನೋಡಿಕೊಳ್ಳಲು’ ಎಂಬ ಜನರಲ್ ಪವರ್ ಸಾಲದು. ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ ಬರೆದು, ಪೌತಿ ಖಾತೆ, ಅಳತೆ, ಕ್ರಯಪತ್ರಕ್ಕೆ ಸಹಿ ಇವನ್ನು ಬಿಡಿಬಿಡಿಯಾಗಿ ಹೇಳುವ ವಿಶೇಷ ಅಧಿಕಾರ ಪತ್ರ ಬೇಕು. ಕ್ರಯದ ಹಣ ನೇರ ತನ್ನ ಎನ್‌ಆರ್‌ಒ ಖಾತೆಗೇ ಬರಬೇಕು ಎಂಬ ಸಾಲು ಅದರಲ್ಲಿರಲಿ. ಪರದೇಶದಲ್ಲಿ ಅಲ್ಲಿನ ನೋಟರಿ ಅಥವಾ ಭಾರತೀಯ ಕಾನ್ಸುಲ್ ಎದುರು ಸಹಿ ಮಾಡಬೇಕು. ದುಬೈಯಲ್ಲಾದರೆ ಕಾನ್ಸುಲೇಟೇ ನೇರ. 2024ರ ಜನವರಿಯಿಂದ ಕೆನಡಾದಲ್ಲಿ ನೋಟರಿ ಸಹಿಗೆ ಅಪೊಸ್ಟಿಲ್ ಮಾಡಿಸಲೂ ಸಾಧ್ಯ. ಪತ್ರ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇದನ್ನು ಮರೆತು ಕವರಿನಲ್ಲೇ ಇಟ್ಟವರು ಉಪನೋಂದಣಿ ಕಚೇರಿಯಲ್ಲಿ ದಂಡದ ಮಾತು ಕೇಳುತ್ತಾರೆ. ತಂಗಿಯಂಥ ಹತ್ತಿರದವರನ್ನು ಬಿಟ್ಟು ಹೊರಗಿನವರಿಗೆ ಮಾರುವ ಅಧಿಕಾರ ಕೊಟ್ಟರೆ ಶುಲ್ಕದ ಲೆಕ್ಕವೇ ಬೇರೆ. ಇನ್ನು ಬ್ರೋಕರ್ ಹೇಳುವ ‘ಪವರ್ ಮೇಲೆಯೇ ಮಾರಾಟ’ವನ್ನು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲೇ ಒಪ್ಪಲಿಲ್ಲ, ನೋಂದಾಯಿತ ಕ್ರಯಪತ್ರವಿಲ್ಲದೆ ಒಡೆತನ ದಾಟುವುದಿಲ್ಲ.

ಇನ್ನು ತೆರಿಗೆ. ಇಲ್ಲಿ ಶಿರ್ವದವರ ಅದೃಷ್ಟ ಚೆನ್ನಾಗಿದೆ. ಆದಾಯ ತೆರಿಗೆಯ ದೃಷ್ಟಿಯಲ್ಲಿ ಗ್ರಾಮೀಣ ಕೃಷಿ ಭೂಮಿ ಬಂಡವಾಳ ಆಸ್ತಿಯೇ ಅಲ್ಲ. 10 ಸಾವಿರಕ್ಕಿಂತ ಹೆಚ್ಚು, ಒಂದು ಲಕ್ಷದೊಳಗೆ ಜನಸಂಖ್ಯೆಯ ಪುರಸಭೆಯಿಂದ ನೇರ ದೂರ 2 ಕಿ.ಮೀ., ಅದಕ್ಕಿಂತ ದೊಡ್ಡ, 10 ಲಕ್ಷದೊಳಗಿನ ಪಟ್ಟಣದಿಂದ 6 ಕಿ.ಮೀ. ದಾಟಿರಬೇಕು. ಕಾಪು, ಕಾರ್ಕಳ ಮೊದಲ ಗುಂಪಿಗೆ ಸೇರಿದರೆ ಮಣಿಪಾಲವನ್ನು ಒಳಗೊಂಡ ಉಡುಪಿ ನಗರಸಭೆ ಎರಡನೆಯದಕ್ಕೆ. ಶಿರ್ವ ಮೂರರಿಂದಲೂ ದೂರ. ಮಣಿಪಾಲದ ಅಂಚಿನ ಗದ್ದೆಗೆ ಈ ಭಾಗ್ಯವಿಲ್ಲ. ಆದರೆ ಗದ್ದೆ ಗದ್ದೆಯಾಗಿಯೇ ಇರಬೇಕು. ಹೆಚ್ಚು ಬೆಲೆ ಸಿಗುತ್ತದೆಂದು ಕನ್ವರ್ಶನ್ ಮಾಡಿಸಿದರೆ ವಿನಾಯಿತಿ ಹೋಯಿತು. ವರ್ಷಗಟ್ಟಲೆ ಹಡಿಲು ಬಿಟ್ಟು, ಆರ್‌ಟಿಸಿಯ ಬೆಳೆ ಕಾಲಂನಲ್ಲಿ ಏನೂ ಕಾಣದಿದ್ದರೂ ಸಿಎ ಹಿಂಜರಿಯುತ್ತಾರೆ. ಯಾರಿಗಾದರೂ ಕೊಟ್ಟು ಏಣೆಲು ಬೆಳೆ ಮಾಡಿಸಿ, ಬೆಳೆ ಸಮೀಕ್ಷೆಯಲ್ಲಿ ದಾಖಲಾಗುವಂತೆ ನೋಡಿಕೊಂಡವರಿಗೆ ಆ ಭತ್ತದ ಬೆಲೆಗಿಂತ ದೊಡ್ಡ ಲಾಭ ಇಲ್ಲಿದೆ. ಮಾರುವವರು ಅನಿವಾಸಿಗಳೆಂದು ಗೊತ್ತಾದ ಕೂಡಲೇ ಖರೀದಿದಾರ ಟಿಡಿಎಸ್ ಹಿಡಿಯಬೇಕೇ ಎಂದು ಗಾಬರಿಯಾಗುವುದುಂಟು. ಕ್ರಯಕ್ಕೆ ಮೊದಲೇ ದೂರದ ಪ್ರಮಾಣ, ಆರ್‌ಟಿಸಿ ಇಟ್ಟುಕೊಂಡು ಸಿಎ ಅಭಿಪ್ರಾಯ ಅಥವಾ ಇಲಾಖೆಯ ಪ್ರಮಾಣಪತ್ರ ಪಡೆದರೆ ಆ ಜಗಳವಿಲ್ಲ.

ಲೆಕ್ಕಕ್ಕೆ ಸುಲಭವಾಗಲೆಂದು 90 ಲಕ್ಷಕ್ಕೆ ಮಾರಿದರು ಎನ್ನೋಣ. ಖರೀದಿದಾರ ನಾಲ್ಕು ಬೇರೆ ಬೇರೆ ಪಾವತಿ ಮಾಡಬೇಕು: ತಾಯಿಗೆ 30 ಲಕ್ಷ, ಮಕ್ಕಳಿಗೆ ತಲಾ 20. ಎನ್‌ಆರ್‌ಒ ಖಾತೆಯಿಂದ ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ತನಕ ಹೊರಗೆ ಒಯ್ಯಬಹುದು. 20 ಲಕ್ಷ ರೂಪಾಯಿ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಮರಣ ಪತ್ರ, ವಂಶವೃಕ್ಷ, ಮ್ಯುಟೇಶನ್, ಕ್ರಯಪತ್ರ, ಸಿಎ ಪ್ರಮಾಣಪತ್ರ ಒಂದಕ್ಕೊಂದು ತಾಳೆಯಾದರೆ ಬ್ಯಾಂಕಿನವರಿಗೆ ಕೇಳಲು ಹೆಚ್ಚೇನೂ ಉಳಿಯುವುದಿಲ್ಲ. ಇಡೀ ಹಣ ತಂಗಿಯ ಉಳಿತಾಯ ಖಾತೆಗೆ ಬಿದ್ದಿದ್ದರೆ ಮಾತ್ರ ಆ ಕೊಂಡಿ ಅಲ್ಲಿಗೇ ಕಡಿದಂತೆ.

ಇಷ್ಟೆಲ್ಲ ನಡೆಯುವಾಗ ತಾಯಿ ತೀರಿಕೊಂಡರೆ ಅವರೂ ಮಗಳಿಗೆ ಪವರ್ ಕೊಟ್ಟಿದ್ದ ಪಕ್ಷದಲ್ಲಿ ಅದು ಆ ದಿನವೇ ಮುಗಿಯುತ್ತದೆ. ಅವರು ವಿಲ್ ಬರೆದಿರದಿದ್ದರೆ ಆ 30 ಸೆಂಟ್ಸ್ ಮೂವರಿಗೆ ಹತ್ತು ಹತ್ತರಂತೆ ಹಂಚಿಹೋಗುತ್ತದೆ. ಮತ್ತೆ ಮರಣ ಪತ್ರ, ಮತ್ತೆ ವಂಶವೃಕ್ಷ, ಮತ್ತೆ ಪೌತಿ ಖಾತೆ. ಪರದೇಶದ ಇಬ್ಬರ ಹಳೆಯ ಪವರ್ ಅಪ್ಪನಿಂದ ಬಂದ 20 ಸೆಂಟ್ಸಿಗೆ ಮಾತ್ರ ಎಂದು ಬರೆದಿದ್ದರೆ ಅವರೂ ಹೊಸದಾಗಿ ಸಹಿ ಮಾಡಿ ಕಳುಹಿಸಬೇಕಾಗುತ್ತದೆ.