ಹೊಗೆಸೊಪ್ಪಿನ ಲೆಕ್ಕ ಗೊತ್ತಿರುವವರಿಗೆ ವಿಮಾ ಕಚೇರಿಯಲ್ಲೂ ಒಂದು ಕುರ್ಚಿ ಇದೆ

ಮೈಸೂರಿನ ಕಾಲೇಜುಗಳಲ್ಲಿ ಬಿ.ಕಾಂ. ಮುಗಿಸಿ ಊರಿಗೆ ಬರುವ ಹುಡುಗ ಹುಡುಗಿಯರನ್ನು ಮುಂದೇನು ಅಂತ ಕೇಳಿ ನೋಡಿ. ಸಿ.ಎ. ಆಗುವ ಆಸೆ, ಆಗದಿದ್ದರೆ ಬ್ಯಾಂಕ್ ಪರೀಕ್ಷೆ, ಅದೂ ಆಗದಿದ್ದರೆ ಯಾವುದೋ ಅಂಗಡಿಯಲ್ಲಿ ಟ್ಯಾಲಿ. ವಿಮೆ ಅಂದರೆ ಅವರಿಗೆ ಏಜೆಂಟ್ ಕೆಲಸ ಮಾತ್ರ ನೆನಪಾಗುತ್ತದೆ. ಏಜೆಂಟ್ ತಂದ ಅರ್ಜಿಯನ್ನು ಒಪ್ಪಬೇಕೋ ಬೇಡವೋ ಎಂದು ತೀರ್ಮಾನಿಸುವವರು ಬೇರೆ ಇರುತ್ತಾರೆ. ಅವರನ್ನು ಅಂಡರ್‌ರೈಟರ್ ಅನ್ನುತ್ತಾರೆ. ಈ ಕೆಲಸಕ್ಕೆ ನಮ್ಮ ಕಡೆಯ ವಾಣಿಜ್ಯ ಪದವೀಧರರು ಚೆನ್ನಾಗಿ ಒಗ್ಗುತ್ತಾರೆ ಎನ್ನುವುದು ನಮ್ಮ ಅಭಿಪ್ರಾಯ.

ಯಾಕೆ ಅಂತ ಹೇಳುತ್ತೇವೆ. ಪಿರಿಯಾಪಟ್ಟಣದ ಕಡೆಯ 38 ವರ್ಷದ ಒಬ್ಬ ಹೊಗೆಸೊಪ್ಪು ಬೆಳೆಗಾರ 1 ಕೋಟಿ ರೂಪಾಯಿಯ ಟರ್ಮ್ ಪಾಲಿಸಿ ಕೇಳಿದ್ದಾರೆ ಅಂದುಕೊಳ್ಳಿ. ಅಂಡರ್‌ರೈಟರ್ ಮೊದಲು ನೋಡುವುದು ಆದಾಯ. ಮನೆಯ ಯಜಮಾನ ಹೋದರೆ ಕುಟುಂಬಕ್ಕೆ ಆಗುವ ನಷ್ಟವನ್ನು ವಿಮೆ ತುಂಬಬೇಕು, ಅದಕ್ಕಿಂತ ತೀರಾ ಹೆಚ್ಚಿರಬಾರದು. ಸಂಬಳದವರಾದರೆ ಸ್ಯಾಲರಿ ಸ್ಲಿಪ್ ಸಾಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರೈತರ ಹತ್ತಿರ ಸಾಮಾನ್ಯವಾಗಿ ಐ.ಟಿ. ರಿಟರ್ನ್ ಇರುವುದಿಲ್ಲ. ಪಹಣಿ ಇರುತ್ತದೆ, ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಮಾರಿದ ಬೇಲ್‌ಗಳ ಚೀಟಿ ಇರುತ್ತದೆ, ಬ್ಯಾಂಕ್ ಪಾಸ್‌ಬುಕ್ ಇರುತ್ತದೆ.

ಪಾಸ್‌ಬುಕ್‌ನಲ್ಲಿ ಹರಾಜಿನ ದುಡ್ಡು 9 ಲಕ್ಷ ಜಮೆಯಾಗಿದೆ. ಬೆಂಗಳೂರಿನಲ್ಲೇ ಬೆಳೆದವರು ಅದನ್ನೇ ಆದಾಯ ಅಂದುಕೊಂಡಾರು. ಬ್ಯಾರನ್‌ಗೆ ಎಷ್ಟು ಸೌದೆ ಬೇಕು, ಸೊಪ್ಪು ಮುರಿಯಲು, ಕಡ್ಡಿಗೆ ಕಟ್ಟಲು ಎಷ್ಟು ಕೂಲಿ ಹೋಗುತ್ತದೆ ಎಂದು ನಮ್ಮ ಹುಡುಗರಿಗೆ ಗೊತ್ತು. ಸೌದೆ, ಗೊಬ್ಬರ, ಕೂಲಿಗೆ ಐದೂವರೆ ಲಕ್ಷ ಕಳೆದರೆ ಉಳಿಯುವುದು ಮೂರೂವರೆ ಲಕ್ಷ. ಈ ವಯಸ್ಸಿಗೆ ಕಂಪನಿಯ ನಿಯಮ ಆದಾಯದ 15 ಪಟ್ಟು ಎಂದಿದ್ದರೆ (ಇದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ) 52 ಲಕ್ಷದ ಆಸುಪಾಸು ಬರುತ್ತದೆ. ಹಾಗಾಗಿ 1 ಕೋಟಿ ಕೇಳಿದವರಿಗೆ 50 ಲಕ್ಷದ ಪಾಲಿಸಿ ಸಿಗಬಹುದು.

ಆಮೇಲೆ ಆರೋಗ್ಯ. ಇಂತಹ 1000 ಜನರಲ್ಲಿ ವರ್ಷಕ್ಕೆ 2 ಸಾವು ಎಂದು ಕಂಪನಿ ಲೆಕ್ಕ ಹಾಕಿದೆ ಅಂದುಕೊಳ್ಳೋಣ. ಈ ಲೆಕ್ಕ ಕಟ್ಟಿಕೊಡುವವರು ಆಕ್ಚುಯರಿ. ಸಕ್ಕರೆ ಕಾಯಿಲೆಯಿಂದ ಆ 2 ಎಂಬುದು 3 ಆಗಬಹುದು ಎಂದು ಅಂಡರ್‌ರೈಟರ್‌ಗೆ ಕಂಡರೆ ಶೇ 50 ಹೆಚ್ಚುವರಿ ಅಪಾಯ ಎಂದು ಬರೆದು, ಅದಕ್ಕೆ ತಕ್ಕಂತೆ ಪ್ರೀಮಿಯಂ ಏರಿಸುತ್ತಾರೆ. ಅಪಾಯ ಮಿತಿ ಮೀರಿದರೆ ಅರ್ಜಿಯನ್ನೇ ತಿರಸ್ಕರಿಸುತ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಬೀಡಿ, ಸಿಗರೇಟು ಸೇದುವವರಿಗೆ ಪ್ರೀಮಿಯಂ ಹೆಚ್ಚು. ಅದನ್ನು ಪತ್ತೆ ಮಾಡಲು ಮೂತ್ರದಲ್ಲಿ ಕೊಟಿನಿನ್ ಎಂಬ ಅಂಶ ಇದೆಯೇ ಎಂದು ನೋಡುತ್ತಾರೆ. ಆದರೆ ಒದ್ದೆ ಹಸಿ ಸೊಪ್ಪು ಮುರಿಯುವವರಿಗೆ ಚರ್ಮದ ಮೂಲಕವೂ ನಿಕೋಟಿನ್ ಒಳಗೆ ಇಳಿಯುತ್ತದೆ. ಸೊಪ್ಪು ಮುರಿದು ತಲೆಸುತ್ತು, ವಾಂತಿ ಬಂದವರನ್ನು ನಾವೆಲ್ಲ ನೋಡಿದ್ದೇವೆ. ಒಂದು ಬೀಡಿಯನ್ನೂ ಮುಟ್ಟದವರ ಪರೀಕ್ಷೆ ಕೊಯ್ಲಿನ ಕಾಲದಲ್ಲಿ ತಪ್ಪಾಗಿ ಕಾಣಬಹುದು. 'ಕೆಲಸ ಏನು? ಯಾವ ತಿಂಗಳು ಪರೀಕ್ಷೆ ಮಾಡಿಸಿದಿರಿ?' ಎಂದು ಕೇಳಬೇಕೆಂದು ಹೊಳೆಯುವುದು ಹೊಗೆಸೊಪ್ಪಿನ ಊರಿನವರಿಗೇ.

ಈ ಕುರ್ಚಿಯಲ್ಲಿ ಆಗುವ ತಪ್ಪು ಸಣ್ಣದಲ್ಲ. ಕೆಲವು ಏಜೆಂಟರು ಕಾಯಿಲೆಯ ಪ್ರಶ್ನೆಗಳಿಗೆಲ್ಲ ತಾವೇ 'ಇಲ್ಲ' ಎಂದು ತುಂಬಿ ಸಹಿ ಹಾಕಿಸುತ್ತಾರೆ. ವಿಮಾ ಕಾಯ್ದೆಯ 45ನೇ ಕಲಂ ಪ್ರಕಾರ ಪಾಲಿಸಿಗೆ 3 ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಅಷ್ಟರೊಳಗೆ ಸಾವಾದರೆ ಹಳೆಯ ಆಸ್ಪತ್ರೆ ಚೀಟಿ ಹುಡುಕಿ ಕ್ಲೇಮ್ ನಿರಾಕರಿಸಬಹುದು, ಆಗ ಕೋರ್ಟು ಅಲೆಯುವವಳು ಹೆಂಡತಿ. 50 ವರ್ಷ ದಾಟಿದವರ ಅರ್ಜಿಯಲ್ಲಿ ಒಂದೇ ಒಂದು 'ಹೌದು' ಇಲ್ಲದಿದ್ದರೆ ಒಳ್ಳೆಯ ಅಂಡರ್‌ರೈಟರ್ ಅಲ್ಲೇ ನಿಂತು ಮತ್ತೆ ವಿಚಾರಿಸುತ್ತಾರೆ.

ದಾರಿ ಹೀಗಿದೆ. ಮುಂಬೈನ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಲೈಸೆನ್ಶಿಯೇಟ್, ಅಸೋಸಿಯೇಟ್, ಫೆಲೋ ಎಂದು ಮೂರು ಹಂತದ ಪರೀಕ್ಷೆ ನಡೆಸುತ್ತದೆ. ಊರಲ್ಲೇ ಓದಿಕೊಂಡು ಬರೆಯಬಹುದು. ಜೀವ ವಿಮೆಯ ಅಂಡರ್‌ರೈಟಿಂಗ್‌ಗೆ ಐಸಿ-22 ಎಂಬ ಪೇಪರೇ ಇದೆ. ಎಲ್‌ಐಸಿಯ ಎಎಒ, ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳ ಎಒ ಪರೀಕ್ಷೆಗಳಿಗೆ ಪದವಿ ಇದ್ದವರು ಕೂರಬಹುದು.

ಗಣಿತ ಗಟ್ಟಿ ಇದ್ದವರು ಆಕ್ಚುಯರಿ ಕಡೆ ಹೋಗಬಹುದು, ಅದರ ಪ್ರವೇಶ ಪರೀಕ್ಷೆ ಎಸಿಇಟಿ. ಪಿಯುಸಿ ಆದವರೂ ಬರೆಯಬಹುದು, ಆದರೆ ಪೂರ್ತಿ ಮುಗಿಸಲು ವರ್ಷಗಳು ಹಿಡಿಯುತ್ತವೆ. ಷೇರು ಸಂಶೋಧನೆಯ ವಿಷಯ ಇನ್ನೊಮ್ಮೆ ಬರೆಯುತ್ತೇವೆ.

ಕಷ್ಟವನ್ನೂ ಹೇಳಿಬಿಡುತ್ತೇವೆ. ಎಲ್‌ಐಸಿಯಲ್ಲಿ ಸಣ್ಣ ಮೊತ್ತದ ಅರ್ಜಿಗಳು ಶಾಖೆಯಲ್ಲೇ ತೀರ್ಮಾನವಾಗುತ್ತವೆ, ದೊಡ್ಡವು ಮೈಸೂರಿನ ವಿಭಾಗೀಯ ಕಚೇರಿಗೆ, ಅದಕ್ಕೂ ಮೇಲಕ್ಕೆ ಹೋಗುತ್ತವೆ. ಖಾಸಗಿ ಕಂಪನಿಗಳ ಅಂಡರ್‌ರೈಟಿಂಗ್ ಕೆಲಸ ಹೆಚ್ಚಾಗಿ ಮುಂಬೈ, ಬೆಂಗಳೂರಿನಂತಹ ಊರುಗಳಲ್ಲಿದೆ. ಸೇರಿದ ದಿನವೇ ಸಹಿ ಹಾಕುವ ಅಧಿಕಾರ ಕೊಡುವುದಿಲ್ಲ. ಮೊದಲು ಕಾಗದಪತ್ರ ತಾಳೆ ನೋಡುವ ಕೆಲಸ, ಆಮೇಲೆ ಸಣ್ಣ ಮೊತ್ತದ ಅರ್ಜಿಗಳು.