ಬಾಯಿ ಕಟ್ಟೋಕೆ ಆಗಲ್ವಾ ಅನ್ನುವವರಿಗೆ

ಮಲ್ಕಾಜ್‌ಗಿರಿಯ ನಮ್ಮ ಗಲ್ಲಿಯಲ್ಲಿ ಬೀದರ್ ಕಡೆಯವರ ಒಂದು ಮನೆ ಇದೆ. ಆ ಮನೆಯ ಹುಡುಗ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ವರ್ಷ ಚಿಲ್ಲರೆ ಅವಧಿಯಲ್ಲಿ 26 ಕಿಲೋದಿಂದ 39 ಕಿಲೋಗೆ ಏರಿದ. ಮೊದಲು ಎಲ್ಲರಿಗೂ ಖುಷಿ. ‘ಈಗ ಕೂಸು ಮೈ ಹಿಡದದ ನೋಡ್ರಿ’ ಎಂದು ಅಜ್ಜಿ ಅಮಾವಾಸ್ಯೆಗೊಮ್ಮೆ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಆಮೇಲೆ ಅದೇ ಬಾಯಿಗಳು ತಿರುಗಿದವು. ಊಟ ಮುಗಿಸಿ ಕೈ ತೊಳೆದ ಹತ್ತೇ ನಿಮಿಷಕ್ಕೆ ಹುಡುಗ ಮತ್ತೆ ರೊಟ್ಟಿ ಡಬ್ಬಿಗೆ ಕೈ ಹಾಕಿದರೆ ‘ಬಾಯಿ ಕಟ್ಟೋಕೆ ಆಗಲ್ವಾ?’ ಎಂಬ ಗದರಿಕೆ. ಮೆಟ್ಟಿಲ ಮೇಲೆ ಕೂತು ಅವನ ಹೊಟ್ಟೆ ನೋಡಿ ನಕ್ಕವರಲ್ಲಿ ನಾನೂ ಒಬ್ಬ. ಆದ್ದರಿಂದ ಮುಂದೆ ಬರೆಯುವ ಬೈಗುಳದಲ್ಲಿ ನನ್ನ ಪಾಲೂ ಇದೆ.

ಹಸಿವನ್ನು ನಾವು ಬಾಯಿಯ ಚಪಲ ಎಂದುಕೊಂಡಿದ್ದೇವೆ. ತಪ್ಪು. ಮಿದುಳಿನ ಬುಡದಲ್ಲಿ, ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಹಿಂದೆಯೇ, ಹೈಪೋಥಲಾಮಸ್ ಎಂಬ ಬಾದಾಮಿಯಷ್ಟು ಭಾಗವಿದೆ. ಹಸಿವಿನ ಲೆಕ್ಕ ಅಲ್ಲಿ ನಡೆಯುತ್ತದೆ. ಹೊಟ್ಟೆ ಖಾಲಿಯಾದಾಗ ಜಠರದಿಂದ ಗ್ರೆಲಿನ್ ಎಂಬ ಹಾರ್ಮೋನು ರಕ್ತಕ್ಕಿಳಿದು ‘ಊಟದ ಹೊತ್ತಾಯಿತು’ ಎಂದು ಅಲ್ಲಿಗೆ ಸುದ್ದಿ ಮುಟ್ಟಿಸುತ್ತದೆ. ಉಂಡ ಮೇಲೆ ಇಳಿಯುತ್ತದೆ. ಲೆಪ್ಟಿನ್ನಿನ ಕೆಲಸ ಬೇರೆ. ಅದು ಬರುವುದು ಕೊಬ್ಬಿನ ಕೋಶಗಳಿಂದ. ಕಣಜದಲ್ಲಿ ಎಷ್ಟು ದಾಸ್ತಾನಿದೆ ಎಂಬ ವರದಿ ಅದು. ಹೈಪೋಥಲಾಮಸ್ಸಿನ ಒಂದು ಮೂಲೆಯಲ್ಲಿ ಎರಡು ಬಗೆಯ ನರಕೋಶಗಳು ಅಕ್ಕಪಕ್ಕ ಕೂತಿವೆ, ಒಂದು ‘ತಿನ್ನು’ ಎನ್ನುತ್ತದೆ, ಇನ್ನೊಂದು ‘ಸಾಕು’ ಎನ್ನುತ್ತದೆ. ಗ್ರೆಲಿನ್ ಮೊದಲನೆಯದನ್ನು ಕೆಣಕುತ್ತದೆ. ಲೆಪ್ಟಿನ್ ಅದನ್ನು ಸುಮ್ಮನಿರಿಸಿ ಎರಡನೆಯದಕ್ಕೆ ದನಿ ಕೊಡುತ್ತದೆ. ನೀವು ತಟ್ಟೆ ಬದಿಗೆ ಸರಿಸುವುದು ನಿಮ್ಮ ಸಂಯಮದಿಂದಲ್ಲ. ಆ ‘ಸಾಕು’ ನಿಮಗೆ ಕೇಳಿಸಿತು, ಅಷ್ಟೆ.

ಕೇಳಿಸದಿದ್ದರೆ ಏನಾಗುತ್ತದೆ ಎಂದು ನೋಡಲು ಅಮೆರಿಕಕ್ಕೆ ಹೋಗಬೇಕಿರಲಿಲ್ಲ. ನಮ್ಮ ಗಲ್ಲಿಯಿಂದ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ, ತಾರ್ನಾಕಾದ ರಾಷ್ಟ್ರೀಯ ಪೋಷಣಾ ಸಂಸ್ಥೆ. ಕೂನೂರಿನಲ್ಲಿ ಹುಟ್ಟಿ 1958ರಲ್ಲಿ ಹೈದರಾಬಾದಿಗೆ ಬಂದ ಈ ಸಂಸ್ಥೆ ತನ್ನ ಇಲಿಗಳ ಸಂತತಿಯನ್ನೂ ಜೊತೆಗೆ ತಂದಿತ್ತು. ಅದೇ ಸಂತತಿಯಲ್ಲಿ, ಯಾರೂ ಏನೂ ಮಾಡದೆ, ತಾನಾಗಿಯೇ ದಢೂತಿ ಇಲಿಗಳು ಹುಟ್ಟಿದವು. ಎನ್.ವಿ. ಗಿರಿಧರನ್ ಮತ್ತು ಸಂಗಡಿಗರು 1996ರಲ್ಲಿ ಅವನ್ನು ವಿಜ್ಞಾನಿಗಳ ಮುಂದಿಟ್ಟರು. ಜೊತೆಯ ಇಲಿಗಳಿಗೆ ಹಾಕುವ ತಿಂಡಿಯೇ ಇವಕ್ಕೂ. ಆದರೆ ಇವು ತಿನ್ನುತ್ತಲೇ ಇರುತ್ತವೆ, ಬಂಜೆಯಾಗುತ್ತವೆ, ಬೇಗ ಸಾಯುತ್ತವೆ. ಅವುಗಳ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿಲ್ಲ, ವಿಪರೀತ ಜಾಸ್ತಿ. ಕಣಜ ತುಂಬಿ ತುಳುಕುತ್ತಿದೆ ಎಂದು ವರದಿಯ ಮೇಲೆ ವರದಿ ಹೋಗುತ್ತಿದೆ, ಓದಬೇಕಾದ ಮೇಜು ಅದನ್ನು ಓದುತ್ತಿಲ್ಲ. ಪಂಜರದಲ್ಲಿರುವ ಇಲಿಗೆ ‘ಶಿಸ್ತಿಲ್ಲ’ ಎಂದು ಯಾರೂ ಹೇಳುವುದಿಲ್ಲ. ಮಕ್ಕಳಿಗೆ ಹೇಳುತ್ತೇವೆ.

ಆ ಮೇಜನ್ನೇ ಒಡೆದರೆ? ಅದನ್ನೂ ಮಾಡಿ ನೋಡಿದ್ದಾರೆ. 1940ರಲ್ಲಿ ಹೆದರಿಂಗ್ಟನ್ ಮತ್ತು ರಾನ್ಸನ್ ಇಲಿಗಳ ಹೈಪೋಥಲಾಮಸ್ಸಿನ ನಡುಭಾಗದ ಕೆಳಗೆ ಎರಡೂ ಬದಿ ಸಣ್ಣ ಗಾಯ ಮಾಡಿದರು, ಇಲಿಗಳು ಉಬ್ಬಿದವು. 1951ರಲ್ಲಿ ನಮ್ಮ ಬಾಲಕೃಷ್ಣ ಆನಂದ್, ಯೇಲ್‌ನಲ್ಲಿ ಬ್ರೋಬೆಕ್ ಜೊತೆ ಕೆಲಸ ಮಾಡುವಾಗ, ಅದೇ ಅಂಗದ ಅಂಚಿನ ಭಾಗವನ್ನು ಎರಡೂ ಬದಿ ಸುಟ್ಟರು. ಆ ಪ್ರಾಣಿಗಳು ಮುಂದೆ ತಿಂಡಿ ಇಟ್ಟರೂ ಮುಟ್ಟದೆ ಸತ್ತವು. ಆನಂದ್ ಆಮೇಲೆ ದೆಹಲಿಯ ಏಮ್ಸ್‌ನಲ್ಲಿ ಶರೀರಕ್ರಿಯಾ ವಿಭಾಗವನ್ನು ಕಟ್ಟಿದವರು. ಅಂಚಿನಲ್ಲಿ ಹಸಿವಿನ ಕೇಂದ್ರ, ನಡುವೆ ತೃಪ್ತಿಯ ಕೇಂದ್ರ ಎಂಬ ಆ ಕಾಲದ ನಕ್ಷೆ ಈಗ ತೀರಾ ಸರಳ ಅನ್ನಿಸುತ್ತದೆ. ಆ ಗಾಯಗಳು ಕೇಂದ್ರಗಳನ್ನಷ್ಟೇ ಅಲ್ಲ, ಅಲ್ಲಿ ಹಾದುಹೋಗುವ ನರದ ಎಳೆಗಳನ್ನೂ ಕಡಿದಿದ್ದವು. ಆದರೂ ಅದರಲ್ಲಿ ನಾವು ಕಣ್ಣು ಮುಚ್ಚಿಕೊಂಡಿರುವ ಒಂದು ಸಂಗತಿಯಿದೆ. ನಡುಭಾಗ ಕೆಟ್ಟ ಎಳೆಯ ಇಲಿಗಳಿಗೆ ಚೆನ್ನಾಗಿರುವ ಇಲಿಗಳಷ್ಟೇ ಅಳೆದು ಹಾಕಿದರೂ ಮೈಯಲ್ಲಿ ಕೊಬ್ಬು ಹೆಚ್ಚೇ ಸೇರುತ್ತಿತ್ತು. ಮೇದೋಜೀರಕ ಗ್ರಂಥಿಗೆ ಹೋಗುವ ನರದ ಹತೋಟಿ ತಪ್ಪಿ ಇನ್ಸುಲಿನ್ ಜಾಸ್ತಿ ಸುರಿಯುತ್ತದೆ, ಶರೀರ ಖರ್ಚು ಮಾಡುವುದನ್ನು ಕಡಿಮೆ ಮಾಡುತ್ತದೆ. ಅರ್ಧ ತಟ್ಟೆ ಕಿತ್ತುಕೊಂಡು ‘ಈಗ ಇಳೀತಾನೆ’ ಎನ್ನುವವರಿಗೆ ಇದು ಗೊತ್ತಿರಬೇಕಿತ್ತು.

ಹುಡುಗನ ಮನೆಯ ಬಾಗಿಲ ಚೌಕಟ್ಟಿಗೆ ಬರುತ್ತೇನೆ. ಪ್ರತಿ ಹುಟ್ಟುಹಬ್ಬಕ್ಕೂ ಅವನನ್ನು ನಿಲ್ಲಿಸಿ ತಲೆಯ ಮೇಲೆ ಸ್ಕೇಲ್ ಇಟ್ಟು ಅಪ್ಪ ಪೆನ್ಸಿಲ್ ಗೆರೆ ಎಳೆಯುತ್ತಿದ್ದರು. ಆರು, ಏಳು, ಎಂಟು: ಗೆರೆಗೂ ಗೆರೆಗೂ ನಡುವೆ ಮೂರು ಬೆರಳು, ಅಂದರೆ ಐದಾರು ಸೆಂಟಿಮೀಟರ್. ಎಂಟು ಮತ್ತು ಒಂಬತ್ತರ ಗೆರೆಗಳ ನಡುವೆ ಉಗುರಿನಷ್ಟು ಜಾಗವೂ ಇರಲಿಲ್ಲ. ಅಪ್ಪ ಸ್ಕೇಲ್ ಸರಿಯಾಗಿ ಹಿಡಿದಿಲ್ಲ ಎಂದುಕೊಂಡು ಸುಮ್ಮನಾದರು. ಅಲ್ಲಿಯೇ ಕಥೆ ಬರೆದಿತ್ತು. ಸುಮ್ಮನೆ ಜಾಸ್ತಿ ತಿಂದು ದಪ್ಪವಾಗುವ ಮಗು ಸಾಮಾನ್ಯವಾಗಿ ತನ್ನ ವಯಸ್ಸಿಗೆ ಎತ್ತರವಾಗಿಯೇ ಇರುತ್ತದೆ. ತೂಕ ಏರುತ್ತಿದ್ದು ಎತ್ತರ ನಿಂತುಬಿಟ್ಟರೆ ತಟ್ಟೆ ನೋಡುವುದನ್ನು ಬಿಟ್ಟು ಹಾರ್ಮೋನುಗಳ ಕಡೆ, ತಲೆಯ ಒಳಗೆ ನೋಡಬೇಕು. ಇದಕ್ಕೆ ಯಂತ್ರ ಬೇಡ, ಪೆನ್ಸಿಲ್ ಸಾಕು. ಎರಡು ವರ್ಷ ಎತ್ತರವನ್ನೇ ಅಳೆಯದ ಶಾಲೆಗಳಿವೆ, ತೂಕ ಮಾತ್ರ ಬರೆದು ‘ಎಣ್ಣೆ ಪದಾರ್ಥ ಬಿಡಿಸಿ’ ಎಂದು ಕಳಿಸುವ ದವಾಖಾನೆಗಳಿವೆ. ಅವರಿಗೂ ನಾಚಿಕೆಯಾಗಲಿ.

ಉಳಿದ ಸೂಚನೆಗಳೂ ಕಣ್ಣ ಮುಂದೆಯೇ ಇದ್ದವು. ಬೆಳಿಗ್ಗೆ ಎದ್ದಕೂಡಲೇ ತಲೆನೋವು, ಒಮ್ಮೊಮ್ಮೆ ವಾಂತಿ. ಶಾಲೆ ತಪ್ಪಿಸಲು ನಾಟಕ ಎಂದೆವು. ರಾತ್ರಿ ಎರಡು ಬಾಟಲಿ ನೀರು ಕುಡಿದು ಮೂರು ಸಲ ಏಳುತ್ತಿದ್ದ. ಕೆಟ್ಟ ಚಟ ಎಂದೆವು. ಬಾಗಿಲ ಅಂಚಿಗೆ ಭುಜ ತಾಗಿಸಿಕೊಳ್ಳುತ್ತಿದ್ದ. ದಪ್ಪಗಿದ್ದಾನಲ್ಲ ಎಂದು ನಕ್ಕೆವು. ಅವನಿಗೆ ಎದುರಿನದು ಕಾಣುತ್ತಿತ್ತು, ಎರಡೂ ಪಕ್ಕದ್ದು ಮಾಯವಾಗಿತ್ತು. ಕಣ್ಣಿನ ನರಗಳು ದಾಟುವಲ್ಲಿ ಗಡ್ಡೆ ಒತ್ತಿದರೆ ಹೀಗೆಯೇ ಆಗುತ್ತದೆ. ಕೊನೆಗೆ ಕನ್ನಡಕ ಮಾಡಿಸಲು ಹೋದಾಗ ಕಣ್ಣಿನ ಡಾಕ್ಟರ್ ಎಂಆರ್‌ಐ ಬರೆದರು. ಕ್ರೇನಿಯೋಫ್ಯಾರಿಂಜಿಯೋಮಾ. ಕ್ಯಾನ್ಸರ್ ಅಲ್ಲ, ಆದರೆ ಬೆಳೆಯಲು ಅದು ಆರಿಸಿಕೊಳ್ಳುವ ಜಾಗವೇ ಕೆಟ್ಟದ್ದು: ಪಿಟ್ಯುಟರಿ ಗ್ರಂಥಿಯ ತೊಟ್ಟಿನ ಬಳಿ, ಹೈಪೋಥಲಾಮಸ್ಸಿನ ಬುಡಕ್ಕೇ.

ಹಾಗೆಂದು ದಪ್ಪಗಿರುವ ಪ್ರತಿ ಮಗುವನ್ನೂ ಸ್ಕ್ಯಾನಿಂಗ್ ಸೆಂಟರಿಗೆ ಎಳೆದೊಯ್ಯಬೇಡಿ. ಈ ಗಡ್ಡೆ ಅಪರೂಪ. ಲೆಪ್ಟಿನ್ ಟೆಸ್ಟ್ ಮಾಡಿಸಿ ಎಂದು ಹೇಳುವವರನ್ನೂ ನಂಬಬೇಡಿ; ಸಾಧಾರಣ ಬೊಜ್ಜಿನಲ್ಲಿ ಅದು ಜಾಸ್ತಿ ಇದ್ದೇ ಇರುತ್ತದೆ, ಹೊಸದೇನೂ ತಿಳಿಯುವುದಿಲ್ಲ. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಬೆರಳೆಣಿಕೆಯ ಮಕ್ಕಳಿಗೆ ಅದರ ಚುಚ್ಚುಮದ್ದು ಪವಾಡದಂತೆ ಕೆಲಸ ಮಾಡುತ್ತದೆ. ನಮ್ಮ ಹುಡುಗನಂಥವರಿಗೆ ಮಾಡುವುದಿಲ್ಲ. ಕೇಳುವ ಕಿವಿಯೇ ಹೋದಮೇಲೆ ಕೂಗಿ ಏನು ಫಲ?

ಆಪರೇಷನ್ ಆಗಿ ಎರಡು ವರ್ಷವಾಯಿತು. ಥೈರಾಯ್ಡಿನ ಗುಳಿಗೆ, ಸ್ಟೀರಾಯ್ಡ್ ಗುಳಿಗೆ, ಮೂತ್ರ ಹಿಡಿದಿಡಲು ಒಂದು ಔಷಧ, ರಾತ್ರಿ ಬೆಳವಣಿಗೆಯ ಇಂಜೆಕ್ಷನ್. ಚೌಕಟ್ಟಿನ ಮೇಲೆ ಈ ಸಲ ಗೆರೆ ಮೂರು ಬೆರಳು ಮೇಲೆ ಹೋಗಿದೆ. ಹಸಿವು ಮಾತ್ರ ಹೋಗಿಲ್ಲ. ಅಡುಗೆಮನೆಗೆ ಬೀಗ, ಬೀಗದ ಕೈ ತಾಯಿಯ ತಾಳಿಯ ಜೊತೆ. ಕೀ ಕೊಡು ಎಂದು ಅವನು ಬೇಡುವುದು ಗೋಡೆಯಾಚೆ ನಮಗೂ ಕೇಳುತ್ತದೆ. ಮೊನ್ನೆ ಗಲ್ಲಿಯ ಗಣೇಶನ ಪೆಂಡಾಲಿನಲ್ಲಿ ಪ್ರಸಾದಕ್ಕೆ ಮೂರನೇ ಸಲ ಕೈ ಚಾಚಿದ. ಎಲ್ಲ ಗೊತ್ತಿದ್ದೂ ಹಿಂದಿನಿಂದ ಯಾರೋ ಅಂದರು: ‘ಬಾಯಿ ಕಟ್ಟೋಕೆ ಆಗಲ್ವಾ?’